ಕೌಂಟರ್ ಮುಂದೆ ನಿಂತ ‘ಡಸ್’

ಹಾಸನದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನನ್ನ ತರಗತಿಯಲ್ಲಿ ರೈಲ್ವೆ ವಿಚಾರಣೆ ಕೌಂಟರಿನ ಸಂಭಾಷಣೆ ವರ್ಷಕ್ಕೆ ಐದಾರು ಸಲವಾದರೂ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರು ಪ್ರಯಾಣಿಕ, ಇನ್ನೊಬ್ಬರು ಕಿಟಕಿಯ ಹಿಂದಿನ ಗುಮಾಸ್ತ. ‘ಹಾಸನ ಸ್ಟೇಷನ್ನಿನಲ್ಲಿ ಇಂಗ್ಲಿಷ್ ಯಾಕೆ ಮೇಡಂ, ಕನ್ನಡದಲ್ಲೇ ಕೇಳಿದರಾಯ್ತಲ್ಲ’ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಖಂಡಿತ ಕೇಳಬಹುದು. ಇದು ಚೆನ್ನೈಗೋ ಪುಣೆಗೋ ಕೆಲಸಕ್ಕೆ ಹೋಗುವವರಿಗೆ. ಹಾಸನ ಇಲ್ಲಿ ಬರೀ ಹಿನ್ನೆಲೆ, ಊರಿನ ಹೆಸರು ಪರಿಚಯದ್ದಾದರೆ ಬಾಯಿ ಬೇಗ ತಿರುಗುತ್ತದೆ ಅಂತ.

ನನ್ನ ತಾಳ್ಮೆ ಕೆಡಿಸುವುದು ಆ ಪ್ರಶ್ನೆಯಲ್ಲ, ‘ಪ್ಲೀಸ್’. ಕನ್ನಡದಲ್ಲಿ ‘ಮಂಗಳೂರು ಟ್ರೇನು ಎಷ್ಟೊತ್ತಿಗೆ ಅಂತ ಸ್ವಲ್ಪ ಹೇಳ್ತೀರಾ ಸಾರ್’ ಎಂದು ಸೊಗಸಾಗಿ ಕೇಳುವ ಹುಡುಗ ಇಂಗ್ಲಿಷಿಗೆ ಬಂದ ಕೂಡಲೇ ‘ಪ್ಲೀಸ್ ಟೆಲ್ ಮಂಗಳೂರು ಟ್ರೇನ್ ಟೈಮ್ ಸಾರ್, ಪ್ಲೀಸ್’ ಅನ್ನುತ್ತಾನೆ. ಎರಡು ಪ್ಲೀಸ್, ಒಂದು ಸಾರ್, ಆದರೂ ಅದು ಅಪ್ಪಣೆಯೇ. ಅವನ ಕನ್ನಡದ ವಿನಯ ‘ಸಾರ್’ನಲ್ಲಷ್ಟೇ ಇರಲಿಲ್ಲ, ‘ಹೇಳ್ತೀರಾ’ ಎಂಬ ಕ್ರಿಯಾಪದದ ಕೊನೆಯಲ್ಲೂ ಇತ್ತು. ಹೇಳಿ ಅನ್ನದೆ ಹೇಳ್ತೀರಾ ಎಂದು ಕೇಳಿದ್ದ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಕುಡ್ ಯು ಟೆಲ್ ಮಿ’. ಇಷ್ಟು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ತೊಂದರೆ ಶುರುವಾಗುವುದು ಅದರ ನಂತರ.

ನಾನು ಬರೆದುಕೊಡುವ ಚೀಟಿಯ ಮೊದಲ ಸಾಲು ಇದು: ‘ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ವಾಟ್ ಟೈಮ್ ದ ಟ್ರೇನ್ ಲೀವ್ಸ್?’ ಚೀಟಿ ನೋಡಿಕೊಂಡು ಎಲ್ಲರೂ ಸರಿಯಾಗಿ ಓದುತ್ತಾರೆ. ಚೀಟಿ ಕಿತ್ತುಕೊಂಡರೆ ಹತ್ತರಲ್ಲಿ ಎಂಟು ಜನ ‘ಕುಡ್ ಯು ಟೆಲ್ ಮಿ ವಾಟ್ ಟೈಮ್ ಡಸ್ ದ ಟ್ರೇನ್ ಲೀವ್’ ಅನ್ನುತ್ತಾರೆ. ಆ ‘ಡಸ್’ ಎಲ್ಲಿಂದ ಬಂತು? ಅವರ ದಡ್ಡತನದಿಂದಲ್ಲ, ಕನ್ನಡದ ಅಭ್ಯಾಸದಿಂದ.

‘ರೈಲು ಎಷ್ಟು ಗಂಟೆಗೆ ಹೊರಡುತ್ತೆ?’ ಇದು ನೇರ ಪ್ರಶ್ನೆ. ‘ರೈಲು ಎಷ್ಟು ಗಂಟೆಗೆ ಹೊರಡುತ್ತೆ ಅಂತ ಹೇಳ್ತೀರಾ?’ ಇದು ವಿನಯದ ಪ್ರಶ್ನೆ. ಒಳಗಿನ ಮಾತು ಒಂದಕ್ಷರವೂ ಬದಲಾಗಿಲ್ಲ. ನಾವು ಮೊದಲ ಪ್ರಶ್ನೆಯನ್ನು ಹಾಗೇ ಎತ್ತಿ ‘ಅಂತ’ ಎಂಬ ಕೊಕ್ಕೆಗೆ ಸಿಕ್ಕಿಸುತ್ತೇವೆ, ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗೆ ಸಿಕ್ಕಿಸಲು ಬರುವುದಿಲ್ಲ. ಹೊರಗೆ ‘ಕುಡ್ ಯು’ ಎಂದು ಒಮ್ಮೆ ತಿರುಗಿಸಿ ಕೇಳಿಯಾಯಿತಲ್ಲ, ಒಳಗೆ ಮತ್ತೊಮ್ಮೆ ತಿರುಗಿಸುವಂತಿಲ್ಲ. ಒಳಗಿನದು ಪ್ರಶ್ನೆಯ ರೂಪ ಬಿಟ್ಟು ಸಾದಾ ಹೇಳಿಕೆಯ ಸಾಲಿಗೆ ಇಳಿಯಬೇಕು: ಮೊದಲು ರೈಲು, ಆಮೇಲೆ ಹೊರಡುವುದು. ‘ಡಸ್’ ಹೊರಟುಹೋಗುತ್ತದೆ, ಹೋಗುವಾಗ ತಾನು ಹೊತ್ತಿದ್ದ ‘ಸ್’ ಅನ್ನು ‘ಲೀವ್’ ತಲೆಯ ಮೇಲೆ ಇಳಿಸಿ ಹೋಗುತ್ತದೆ. ಅದಕ್ಕೇ ‘ಲೀವ್ಸ್’. ‘ವೇರ್ ಈಸ್ ದ ವೇಟಿಂಗ್ ರೂಮ್’ ಕೂಡ ಹೀಗೇ, ‘ಕುಡ್ ಯು ಟೆಲ್ ಮಿ ವೇರ್ ದ ವೇಟಿಂಗ್ ರೂಮ್ ಈಸ್’ ಆಗುತ್ತದೆ. ಕೊನೆಯಲ್ಲಿ ‘ಈಸ್’ ಬಂದರೆ ನಮ್ಮವರಿಗೆ ವಾಕ್ಯ ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ, ‘ಈಸ್ ಏನು ಮೇಡಂ?’ ಎಂದು ಕೇಳಿದವರಿದ್ದಾರೆ. ಈಸ್, ಅಷ್ಟೇ. ಮುಗಿಯಿತು.

ಸರಿಯೋ ತಪ್ಪೋ ತಿಳಿಯಲು ತರಗತಿಯಲ್ಲಿ ಅಂಗೈ ಪರೀಕ್ಷೆ ಮಾಡಿಸುತ್ತೇನೆ. ಬರೆದ ವಾಕ್ಯದ ಮೇಲೆ ಅಂಗೈ ಇಟ್ಟು ‘ಕುಡ್ ಯು ಟೆಲ್ ಮಿ ವಾಟ್ ಟೈಮ್’ ಅಷ್ಟನ್ನೂ ಮುಚ್ಚಿ. ಉಳಿದದ್ದು ತಾನಾಗಿಯೇ ಒಂದು ಹೇಳಿಕೆಯಾಗಿ ನಿಲ್ಲಬೇಕು. ‘ದ ಟ್ರೇನ್ ಲೀವ್ಸ್’ ನಿಲ್ಲುತ್ತದೆ, ‘ಡಸ್ ದ ಟ್ರೇನ್ ಲೀವ್’ ಹೇಳಿಕೆಯಲ್ಲ. ಈ ಪರೀಕ್ಷೆಗೆ ಒಂದು ಮಿತಿ ಇದೆ. ‘ವಿಚ್ ಟ್ರೇನ್ ಗೋಸ್ ಟು ಅರಸೀಕೆರೆ’ ಎಂಬಲ್ಲಿ ಯಾವ ರೈಲು ಎಂಬುದೇ ಕರ್ತೃ. ಅಲ್ಲಿ ಮೊದಲೇ ‘ಡಸ್’ ಇಲ್ಲ, ಹಾಗಾಗಿ ಏನೂ ಬದಲಾಗುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿದರೆ ಗೊಂದಲ, ನಾನು ಎರಡನೇ ವಾರಕ್ಕೆ ಇಟ್ಟುಕೊಳ್ಳುತ್ತೇನೆ.

ಹೌದು-ಅಲ್ಲ ಪ್ರಶ್ನೆ ಬಂದಾಗ ಇನ್ನೊಂದು ಗುಂಡಿ. ‘ಸಕಲೇಶಪುರದಲ್ಲಿ ನಿಲ್ಲುತ್ತಾ ಅಂತ ಗೊತ್ತಾ?’ ಎಂಬಲ್ಲಿ ‘ನಿಲ್ಲುತ್ತಾ’ದ ದೀರ್ಘವೇ ಪ್ರಶ್ನೆ. ಇಂಗ್ಲಿಷಿನಲ್ಲಿ ಆ ದೀರ್ಘದ ಕೆಲಸವನ್ನು ‘ಇಫ್’ ಮಾಡುತ್ತದೆ: ‘ಡು ಯು ನೋ ಇಫ್ ಇಟ್ ಸ್ಟಾಪ್ಸ್ ಅಟ್ ಸಕಲೇಶಪುರ?’ ನಮ್ಮವರು ‘ಇಫ್’ ಎಂದರೆ ‘ಆದರೆ, ಹೋದರೆ’ ಎಂದೇ ಕಲಿತಿರುವುದರಿಂದ ಅದನ್ನು ಇಲ್ಲಿ ಹಾಕಲು ಹಿಂಜರಿಯುತ್ತಾರೆ. ಹಿಂಜರಿಕೆ ಇದ್ದರೆ ‘ವೆದರ್’ ಹಾಕಿ, ಅದೂ ಸರಿ.

ಇಷ್ಟನ್ನು ಬಾಯಿಪಾಠ ಮಾಡಿದರೆ ಬರುತ್ತದೆ ಎಂದು ನಾನೂ ಕೆಲವು ವರ್ಷ ನಂಬಿದ್ದೆ. ಒಮ್ಮೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ಹುಡುಗ ಮತ್ತು ನರ್ಸಿಂಗ್ ಓದುವ ಹುಡುಗಿ ಒಂದೇ ಹಾಳೆ ಹಿಡಿದು ಇಡೀ ಸಂಭಾಷಣೆಯನ್ನು ಒಂದು ನಿಮಿಷದೊಳಗೆ ಒಪ್ಪಿಸಿದರು. ಒಂದೂ ತಪ್ಪಿಲ್ಲ. ‘ಎಷ್ಟನೇ ಪ್ಲಾಟ್‌ಫಾರ್ಮ್ ಅಂದರು?’ ಎಂದು ಹುಡುಗನನ್ನು ಕೇಳಿದೆ. ಹಾಳೆ ತಿರುವಿ ಹುಡುಕತೊಡಗಿದ. ಅವನು ಏನನ್ನೂ ಕೇಳಿರಲೇ ಇಲ್ಲ. ಉತ್ತರ ಕೈಯಲ್ಲೇ ಇದ್ದ ಮೇಲೆ ಯಾರಾದರೂ ಯಾಕೆ ಕೇಳುತ್ತಾರೆ?

ಅಂದಿನಿಂದ ಇಬ್ಬರಿಗೂ ಬೇರೆ ಬೇರೆ ಚೀಟಿ. ಪ್ರಯಾಣಿಕನ ಚೀಟಿಯಲ್ಲಿ ವಾಕ್ಯಗಳಿಲ್ಲ, ಕನ್ನಡದಲ್ಲಿ ಬರೀ ಅಗತ್ಯಗಳು: ‘ಮಂಗಳೂರಿಗೆ ಹೋಗಬೇಕು. ಹೊರಡುವ ಸಮಯ? ಸಕಲೇಶಪುರದಲ್ಲಿ ನಿಲ್ಲುತ್ತಾ? ವೇಟಿಂಗ್ ರೂಮ್ ಎಲ್ಲಿ?’ ಗುಮಾಸ್ತನ ಚೀಟಿಯಲ್ಲಿ ಉತ್ತರಗಳು, ಸಮಯವೆಲ್ಲ ನಾನು ಕಟ್ಟಿದ್ದು, ನಿಜವಾದ ವೇಳಾಪಟ್ಟಿ ಅಲ್ಲ: ‘ಟೂ ಥರ್ಟೀನ್’. ಬೇಕೆಂದೇ ಥರ್ಟೀನ್. ಅದು ಥರ್ಟಿ ಎಂದು ಕೇಳಿಸುತ್ತದೆ, ಆಗ ಪ್ರಯಾಣಿಕ ‘ಸಾರಿ, ಡಿಡ್ ಯು ಸೇ ಥರ್ಟೀನ್ ಆರ್ ಥರ್ಟಿ?’ ಎಂದು ಕೇಳಲೇಬೇಕು. ಇದು ನೇರ ಪ್ರಶ್ನೆಯೇ, ಆದರೂ ಒರಟಲ್ಲ, ಮುಂದಿನ ‘ಸಾರಿ’ ಸಾಕು. ಗುಮಾಸ್ತನ ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಾಲು, ಪ್ರಯಾಣಿಕ ಧನ್ಯವಾದ ಹೇಳಿದ ಮೇಲಷ್ಟೇ ಹೇಳುವುದು: ‘ಇಟ್ಸ್ ರನ್ನಿಂಗ್ ಲೇಟ್ ಟುಡೇ’. ಈಗ ಚೀಟಿಯಲ್ಲಿ ಇಲ್ಲದ್ದನ್ನು ಪ್ರಯಾಣಿಕ ತಾನೇ ಕಟ್ಟಬೇಕು. ‘ಡು ಯು ನೋ ಹೌ ಲೇಟ್ ಇಟ್ ಈಸ್?’ ಬಂದರೆ ಪಾಠ ಒಳಗೆ ಇಳಿದಿದೆ. ‘ಹೌ ಲೇಟ್ ಈಸ್ ಇಟ್’ ಬಂದರೆ ಮತ್ತೆ ಅಂಗೈ ಇಡಿಸುತ್ತೇನೆ. ಐದು ನಿಮಿಷಕ್ಕೆ ಪಾತ್ರ ಅದಲುಬದಲು, ಹೊಸ ಊರು, ಹೊಸ ಚೀಟಿ.

ಒಂದು ಎಚ್ಚರಿಕೆ. ಹೊಸದಾಗಿ ಕಲಿತವರು ಎಲ್ಲದಕ್ಕೂ ‘ಕುಡ್ ಯು ಟೆಲ್ ಮಿ’ ಹಚ್ಚತೊಡಗುತ್ತಾರೆ. ಹಿಂದೆ ಉದ್ದ ಸಾಲು, ಗಾಜಿನ ಆಚೆ ಗದ್ದಲ, ಅಲ್ಲಿ ಮೊದಲ ಪ್ರಶ್ನೆಗೆ ಈ ವಿನಯ ಸಾಕು, ಮುಂದಿನದಕ್ಕೆ ‘ಅಂಡ್ ವಿಚ್ ಪ್ಲಾಟ್‌ಫಾರ್ಮ್?’ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತಪ್ಪಿ ‘ಡಸ್’ ಬಂದರೂ ಗುಮಾಸ್ತರಿಗೆ ಅರ್ಥವಾಗುತ್ತದೆ, ರೈಲೇನೂ ತಪ್ಪುವುದಿಲ್ಲ. ಆದರೆ ಸಂದರ್ಶನದ ಕೋಣೆಯಲ್ಲಿ ಇದೇ ತಪ್ಪು ಎದ್ದು ಕಾಣಬಹುದು, ಅದಕ್ಕೇ ನನ್ನ ಹಟ.

ಆ ನರ್ಸಿಂಗ್ ಹುಡುಗಿ ಕೋರ್ಸ್ ಮುಗಿಸಿ ಊರಿಗೆ ಹೊರಟ ದಿನ ಹಾಸನ ಸ್ಟೇಷನ್ನಿನ ಕಿಟಕಿಯಲ್ಲಿ ಧೈರ್ಯ ಮಾಡಿ ಕೇಳಿದಳಂತೆ, ‘ಕುಡ್ ಯು ಟೆಲ್ ಮಿ ವೇರ್ ದ ಮಂಗಳೂರು ಟ್ರೇನ್ ಈಸ್?’ ಕೊನೆಯ ‘ಈಸ್’ ಒತ್ತಿಯೇ ಹೇಳಿದಳಂತೆ. ಒಳಗಿದ್ದವರು ತಲೆ ಎತ್ತಿ, ‘ಎದುರಿಗೇ ನಿಂತಿದೆ, ಓಡಮ್ಮ, ಹೊರಡ್ತಾ ಇದೆ’ ಎಂದರಂತೆ.