ಬೀಗರ ಊಟದ ಪಟ್ಟಿಯಲ್ಲಿ ‘4+2’ ಬರೆಯಬೇಡಿ

ಮದುವೆ ಮನೆಯವರು ಕಳಿಸುವ ಅತಿಥಿಗಳ ಎಕ್ಸೆಲ್ ಪಟ್ಟಿ ತೆರೆದಾಗ ನಾನು ಮೊದಲು ನೋಡುವುದು ‘ಎಷ್ಟು ಜನ’ ಎಂಬ ಕಾಲಮ್ಮು. ಅಲ್ಲಿ ‘4+2’, ‘2-3’, ‘ಫ್ಯಾಮಿಲಿ’, ‘ಬರ್ತಾರಂತೆ’ ಎಲ್ಲವೂ ಇರುತ್ತವೆ. ಓದುವವರಿಗೆ ಅರ್ಥವಾಗುತ್ತದೆ, ನಿಜ. ಆದರೆ ಕೂಡಿಸುವುದು ಎಕ್ಸೆಲ್ಲು.

‘4+2’ ಎಂದು ಹಾಗೇ ಟೈಪ್ ಮಾಡಿದರೆ ಅದು ಅಕ್ಷರವಾಗಿ ಕೂರುತ್ತದೆ. SUM ಅದನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ, ಆರು ಜನ ಲೆಕ್ಕದಿಂದಲೇ ಮಾಯ. ‘2-3’ ಇನ್ನೂ ಕೆಟ್ಟದ್ದು. ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್ ಅದನ್ನು ಮಾರ್ಚ್ 2 ಎಂದು ಓದಿ, ಒಳಗೆ ದಿನಾಂಕದ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2026ರಲ್ಲಿ ಬರೆದರೆ ಆ ಸಂಖ್ಯೆ 46083. ಒಂದು ಮನೆಯವರ ಪಟ್ಟಿಯಲ್ಲಿ ಒಟ್ಟು ನಲವತ್ತಾರು ಸಾವಿರ ದಾಟಿದ್ದನ್ನು ಕಂಡು ಅಡುಗೆ ಕಂಟ್ರಾಕ್ಟರು ‘ಸಾರ್, ಇದು ಮದುವೇನೋ ಜಾತ್ರೇನೋ’ ಅಂದಿದ್ದರು. ಅದು ಕಣ್ಣಿಗೆ ಬಿದ್ದಿದ್ದೇ ಪುಣ್ಯ. ‘4+2’ ಮಾಡುವ ತಪ್ಪು ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಒಂದು ಮನೆಗೆ ಒಂದು ಸಾಲು, ಒಂದು ಚೌಕಕ್ಕೆ ಒಂದೇ ಸಂಖ್ಯೆ. ಮಾತೆಲ್ಲ ಕೊನೆಯ ಟಿಪ್ಪಣಿ ಕಾಲಮ್ಮಿಗೆ. ಬೀಗರ ಊಟಕ್ಕೆ ಬೇರೆಯದೇ ಶೀಟ್ ಇಡಿ, ಆರತಕ್ಷತೆಗೆ ಬಂದವರೆಲ್ಲ ಅದಕ್ಕೆ ಬರುವುದಿಲ್ಲ. ನಾನು ಇಡುವ ಕಾಲಮ್ಮುಗಳು: A ಮನೆ, B ನಾವು ಕರೆದಿರುವ ಜನ, C ಮನೆಯವರಲ್ಲಿ ಬರುವವರು, D ಜೊತೆಗೆ ಬರುವವರು, E ಈ C, D ಎರಡರ ಒಟ್ಟಿನಲ್ಲಿ ಸಸ್ಯಾಹಾರಿಗಳು, F ಟಿಪ್ಪಣಿ.

ಶಿವಮೊಗ್ಗದ ದೊಡ್ಡಪ್ಪನ ಮನೆ ಅಂದುಕೊಳ್ಳಿ. ಕರೆದದ್ದು ಐವರನ್ನು. ಫೋನ್ ಮಾಡಿದರೆ ದೊಡ್ಡಪ್ಪ ‘ಎಲ್ಲಾ ಬರ್ತೀವಿ ಕಣೋ’ ಅನ್ನುತ್ತಾರೆ. ಅಲ್ಲಿಗೇ ಫೋನ್ ಇಡಬೇಡಿ. ಕೇಳುತ್ತಾ ಹೋದರೆ ಮೊಮ್ಮಗನಿಗೆ ಪರೀಕ್ಷೆ, ಬರುವವರು ನಾಲ್ಕೇ ಜನ. ಆದರೆ ಮಗಳ ಅತ್ತೆ ಜೊತೆಗಿದ್ದಾರೆ, ಕಾರಿನ ಡ್ರೈವರೂ ಊಟ ಮಾಡಬೇಕು. B 5, C 4, D 2. C ಕಾಲಮ್ಮಿನಲ್ಲಿ ಆಹ್ವಾನ ಪಡೆದವರೂ ಸೇರಿದ್ದಾರೆ, D ಅದರ ಮೇಲಿನವರು ಮಾತ್ರ. ಇದನ್ನು ತಲೆಬರಹದಲ್ಲೇ ಬರೆದುಬಿಡಿ. ಇಲ್ಲದಿದ್ದರೆ ಅಣ್ಣ ಒಂದು ರೀತಿ ತುಂಬುತ್ತಾನೆ, ಅತ್ತಿಗೆ ಇನ್ನೊಂದು ರೀತಿ.

ಊಟದ ವಿಷಯದಲ್ಲೂ ಇದೇ ಗೋಳು. ಆರು ಜನರ ಮನೆಯ ಮುಂದೆ ‘ವೆಜ್’ ಎಂದು ಬರೆದರೆ ಎಷ್ಟು ಜನ ವೆಜ್? ಸಂಖ್ಯೆಯನ್ನೇ ಬರೆಯಿರಿ. ‘ನೀವು ವೆಜ್ಜಾ’ ಎಂದೂ ಕೇಳಬೇಡಿ, ‘ಆ ದಿನ ಮಾಂಸ ತಿಂತೀರಾ’ ಎಂದು ಕೇಳಿ. ಸೋಮವಾರ, ಶನಿವಾರ ಮುಟ್ಟದವರು ನಮ್ಮಲ್ಲಿ ಬಹಳ. ನಮ್ಮ ದೊಡ್ಡಪ್ಪನೂ ಶನಿವಾರದವರೇ, ಬೀಗರ ಊಟ ಅವತ್ತೇ ಬಿದ್ದಿದೆ. ಅವರು, ದೊಡ್ಡಮ್ಮ, ಮಗಳ ಅತ್ತೆ ಸೇರಿ E 3.

ಇನ್ನು ಸೊನ್ನೆ. ಬರುವುದಿಲ್ಲ ಎಂದವರಿಗೆ C ಕಾಲಮ್ಮಿನಲ್ಲಿ 0 ಹಾಕಿ. ಖಾಲಿ ಬಿಟ್ಟರೆ ಇನ್ನೂ ಉತ್ತರ ಬಂದಿಲ್ಲ ಎಂದರ್ಥ. ಈ ಎರಡನ್ನೂ ಬೆರೆಸಿದರೆ ಇನ್ನು ಯಾರಿಗೆ ಫೋನ್ ಮಾಡಬೇಕು ಎಂಬುದೇ ಗೊತ್ತಾಗುವುದಿಲ್ಲ.

ಸೂತ್ರಗಳು ಇಷ್ಟೇ, ಪಟ್ಟಿಯಿಂದ ದೂರ, H ಕಾಲಮ್ಮಿನಲ್ಲಿ ಒಂದರ ಕೆಳಗೊಂದು:

```
=SUM(C2:D200)
=SUM(E2:E200)
=SUMIFS(B2:B200,C2:C200,"")
=COUNTA(C2:E200)-COUNT(C2:E200)
```

ಮೊದಲನೆಯದು ಒಟ್ಟು ಎಲೆ, ಎರಡನೆಯದು ಅದರಲ್ಲಿ ಸಸ್ಯಾಹಾರಿ, ಮೂರನೆಯದು ಉತ್ತರ ಕೊಡದ ಮನೆಗಳಲ್ಲಿ ನಾವು ಕರೆದ ಜನರ ಸಂಖ್ಯೆ. ನಾಲ್ಕನೆಯದು ಸದಾ 0 ಇರಬೇಕು. ಇಲ್ಲದಿದ್ದರೆ ಯಾರೋ ಎಲ್ಲೋ ಅಕ್ಷರ ಬರೆದಿದ್ದಾರೆ, ಹುಡುಕಿ. ದಿನಾಂಕವಾಗಿ ಕೂತ ‘2-3’ ಮಾತ್ರ ಇದಕ್ಕೆ ಸಿಗುವುದಿಲ್ಲ, ಎಕ್ಸೆಲ್ಲಿಗೆ ಅದೂ ಸಂಖ್ಯೆಯೇ. ಅದಕ್ಕೆ C ಇಂದ E ವರೆಗೆ ಆಯ್ದುಕೊಂಡು, Data ಮೆನುವಿನ Data Validation ಒಳಗೆ Whole number ಆರಿಸಿ, 0ಯಿಂದ 20ರ ಮಿತಿ ಹಾಕಿ. ಆಮೇಲೆ ಯಾರು ಹಾಗೆ ಟೈಪ್ ಮಾಡಿದರೂ ಅದು ಒಪ್ಪುವುದಿಲ್ಲ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದರೆ ಈ ಕಾವಲು ನಿಲ್ಲದು. ವಾಟ್ಸಾಪ್‌ನಿಂದ ಪೇಸ್ಟ್ ಮಾಡುವ ಚಿಕ್ಕಪ್ಪಂದಿರಿಗೆ ಇದನ್ನು ಮೊದಲೇ ಹೇಳಿಡಿ.

ಕಂಟ್ರಾಕ್ಟರಿಗೆ ಒಂದೇ ಅಂಕಿ ಕೊಡಬೇಡಿ. ಒಟ್ಟು 231, ಸಸ್ಯಾಹಾರಿ 38 ಬಂದರೆ ‘ಮಾಂಸದೂಟ 193, ಸಸ್ಯಾಹಾರ 38, ಉತ್ತರ ಬಾರದವರು 34’ ಎನ್ನಿ. ಆ 34ರಲ್ಲಿ ಎಷ್ಟಕ್ಕೆ ಅಡುಗೆ ಮಾಡಬೇಕು ಎಂದು ನಾನು ಹೇಳಲಾರೆ. ಅದು ಊರು, ಮನೆತನ, ಆ ದಿನ ಬೇರೆ ಎಷ್ಟು ಮದುವೆಗಳಿವೆ ಎಂಬುದರ ಮೇಲಿದೆ. ಆ ಕಡೆಯ ಅಡುಗೆಯವರನ್ನೇ ಕೇಳಿ.