ಇನ್ನಾ ಲಿಲ್ಲಾಹಿ: ಸಾವಿಗೂ ಬೆಳೆ ನಷ್ಟಕ್ಕೂ ಒಂದೇ ಮಾತು

ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರದ ಕಡೆ ಮುಸ್ಲಿಂ ನೆರೆಹೊರೆಯಲ್ಲಿ ಬೆಳೆದವರಿಗೆ ‘ಇನ್ನಾ ಲಿಲ್ಲಾಹಿ’ ಎಂಬ ಮಾತು ಹೊಸದಲ್ಲ. ಮೊಬೈಲಿಗೆ ಅದೊಂದು ಸಾಲು ಬಂದರೆ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು, ಮಯ್ಯತ್ ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತೇವೆ. ಹೀಗೆ ಅದು ಸಾವಿನ ಸುದ್ದಿಯ ತಲೆಬರಹದಂತೆ ಆಗಿಬಿಟ್ಟಿದೆ. ಕುರಾನಿನಲ್ಲಿ ಆ ಮಾತು ಬಂದಿರುವ ಜಾಗವನ್ನು ನೋಡಿದರೆ ಅದರ ಹರವು ಇದಕ್ಕಿಂತ ದೊಡ್ಡದು.

ಪೂರ್ತಿ ಮಾತು ‘ಇನ್ನಾ ಲಿಲ್ಲಾಹಿ ವಇನ್ನಾ ಇಲೈಹಿ ರಾಜಿಊನ್’. ಇದು ಎರಡನೆಯ ಅಧ್ಯಾಯವಾದ ಅಲ್ ಬಕರಾದ 156ನೇ ವಚನದಲ್ಲಿದೆ. ‘ನಾವು ಅಲ್ಲಾಹನಿಗೆ ಸೇರಿದವರು, ಅವನ ಬಳಿಗೇ ಮರಳುವವರು’ ಎಂದು ಅರ್ಥ. ಇದನ್ನು ಹೇಳುವುದಕ್ಕೆ ಅರಬಿಯಲ್ಲಿ ಇಸ್ತಿರ್ಜಾ ಎನ್ನುತ್ತಾರೆ. ಹಿಂದಿನ ವಚನವನ್ನು ಬಿಟ್ಟು ಇದನ್ನು ಓದಬಾರದು. 155ನೇ ವಚನದಲ್ಲಿ ದೇವರು, ನಿಮ್ಮನ್ನು ಒಂದಿಷ್ಟು ಭಯದಿಂದ, ಹಸಿವಿನಿಂದ, ಸಂಪತ್ತಿನ ನಷ್ಟದಿಂದ, ಜೀವಗಳ ನಷ್ಟದಿಂದ, ಫಲಗಳ ನಷ್ಟದಿಂದ ಪರೀಕ್ಷಿಸುತ್ತೇವೆ ಎನ್ನುತ್ತಾನೆ. ತಾಳಿಕೊಂಡವರಿಗೆ ಶುಭವಾರ್ತೆ ತಿಳಿಸು ಎಂದು ಪ್ರವಾದಿಗೆ ಹೇಳುತ್ತಾನೆ. ಆ ತಾಳಿಕೊಂಡವರು ಯಾರೆಂದರೆ, ಆಪತ್ತು ಬಂದೆರಗಿದಾಗ ‘ಇನ್ನಾ ಲಿಲ್ಲಾಹಿ’ ಎನ್ನುವವರು. ಐದು ಬಗೆಯ ಕಷ್ಟಗಳಲ್ಲಿ ಸಾವು ಒಂದು ಮಾತ್ರ.

ಆ ಪಟ್ಟಿಯ ಕೊನೆಯಲ್ಲಿರುವ ಫಲಗಳ ನಷ್ಟವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿಡದೆ ಹಿಡಿದ ವರ್ಷ ಕಾಫಿಗೆ ಕೊಳೆರೋಗ ತಗಲುತ್ತದೆ, ಎಳೆಗಾಯಿ ಉದುರುತ್ತದೆ, ಮೆಣಸಿನ ಬಳ್ಳಿ ಸೊರಗಿ ಮರದಲ್ಲೇ ಒಣಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಭಯ, ಆಸ್ತಿ, ಜೀವ, ಬೆಳೆ ಎಲ್ಲವೂ ಒಟ್ಟಿಗೇ ಪೆಟ್ಟು ತಿಂದವು. ನಾಪೋಕ್ಲು ಕಡೆಯ ಒಬ್ಬ ಬೆಳೆಗಾರ ಬೆಳಗ್ಗೆ ತೋಟಕ್ಕೆ ಹೋಗಿ, ರಾತ್ರಿ ಜರಿದ ಬರೆಯ ಕೆಳಗೆ ಕಾಫಿ ಗಿಡಗಳು ಹೂತುಹೋಗಿರುವುದನ್ನು ಕಂಡು ‘ಇನ್ನಾ ಲಿಲ್ಲಾಹಿ’ ಎಂದನೆಂದು ಇಟ್ಟುಕೊಳ್ಳಿ. ಜೊತೆಯಲ್ಲಿದ್ದವರು ‘ಯಾರು ಹೋದರು?’ ಎಂದು ಗಾಬರಿಯಾಗಬಹುದು. ಆದರೆ ಅವನು ಆಡಿದ ಮಾತು ವಚನಕ್ಕೆ ಸರಿಯಾಗಿಯೇ ಇದೆ.

ಈಗ ಅರ್ಥಕ್ಕೆ ಬರೋಣ. ಅದರಲ್ಲಿ ಸತ್ತವರ ಬಗ್ಗೆ ಒಂದು ಪದವೂ ಇಲ್ಲ. ‘ಅವರು ಮರಳಿದರು’ ಎಂದಿಲ್ಲ, ‘ನಾವು ಮರಳುವವರು’ ಎಂದಿದೆ. ಹೇಳುವವನು ತನ್ನನ್ನೂ ಸೇರಿಸಿಕೊಂಡೇ ಹೇಳುತ್ತಾನೆ. ಮೊದಲರ್ಧ ಒಡೆತನದ ಮಾತು: ಕಳೆದುಕೊಂಡದ್ದೂ ಕಳೆದುಕೊಂಡ ನಾನೂ ಒಬ್ಬನದೇ ಸ್ವತ್ತು. ಎರಡನೆಯ ಅರ್ಧ, ಹೋದವರು ಹೋದ ಕಡೆಗೇ ನನ್ನ ದಾರಿಯೂ ಇದೆ ಎನ್ನುತ್ತದೆ. ಹಾಗಾಗಿ ಇದನ್ನು ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಎಂದು ಎಣಿಸುವುದು ತಪ್ಪು. ಅವರಿಗೆ ಕ್ಷಮೆ ಕೇಳುವ ದುವಾ ಬೇರೆ ಇದೆ, ಮಯ್ಯತ್ ನಮಾಜು ಇರುವುದೇ ಅದಕ್ಕಾಗಿ.

ಈ ಮಾತಿನ ಬೆನ್ನಿಗೆ ಸೇರಿಸಿ ಹೇಳುವ ಇನ್ನೊಂದು ಸಾಲು ಅನೇಕರಿಗೆ ಗೊತ್ತಿರುವುದಿಲ್ಲ. ‘ಅಲ್ಲಾಹುಮ್ಮ ಆಜಿರ್ನೀ ಫೀ ಮುಸೀಬತೀ ವಅಖ್ಲಿಫ್ ಲೀ ಖೈರನ್ ಮಿನ್ಹಾ.’ ಅಲ್ಲಾಹನೇ, ಈ ಆಪತ್ತಿನಲ್ಲಿ ನನಗೆ ಪ್ರತಿಫಲ ಕೊಡು, ಕಳೆದುದಕ್ಕಿಂತ ಉತ್ತಮವಾದುದನ್ನು ಅದರ ಬದಲಿಗೆ ಕೊಡು ಎಂದು ಇದರ ಅರ್ಥ. ಸಹೀಹ್ ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿ ಇದನ್ನು ಹೇಳಿರುವವರು ಉಮ್ಮು ಸಲಮಾ. ಅವರ ಗಂಡ ಅಬೂ ಸಲಮಾ ಉಹುದ್ ಯುದ್ಧದಲ್ಲಿ ಗಾಯಗೊಂಡಿದ್ದರು. ಮಾಗಿದಂತಿದ್ದ ಗಾಯ ಮತ್ತೆ ಬಿಚ್ಚಿಕೊಂಡು ತೀರಿಕೊಂಡರು. ಪ್ರವಾದಿಯವರು ಕಲಿಸಿದ್ದ ಈ ಸಾಲನ್ನು ಹೇಳಲು ಹೊರಟ ಆಕೆಗೆ ‘ಅಬೂ ಸಲಮಾರಿಗಿಂತ ಉತ್ತಮರು ಯಾರಿದ್ದಾರೆ?’ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಯನ್ನು ಆಕೆ ಬಚ್ಚಿಡಲಿಲ್ಲ, ವರದಿಯಲ್ಲೇ ಹೇಳಿಕೊಂಡಿದ್ದಾರೆ. ಆದರೂ ಸಾಲನ್ನು ಹೇಳಿದರು. ಮುಂದೆ ಆಕೆಯನ್ನು ಮದುವೆಯಾದವರು ಸ್ವತಃ ಪ್ರವಾದಿಯವರು. ಈ ಪ್ರಸಂಗವನ್ನು ಕೊನೆಯಿಂದ ಓದಿ ‘ಹೇಳಿದರೆ ಸಿಗುತ್ತದೆ’ ಎಂಬ ಲೆಕ್ಕಾಚಾರಕ್ಕೆ ಇಳಿಸುವವರಿದ್ದಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ನಡುವಿನ ಆ ಪ್ರಶ್ನೆ. ಮನಸ್ಸು ಒಪ್ಪುವವರೆಗೆ ಕಾಯದೆ ಆಡಿದ ಮಾತು ಅದು.

ಹಾಗಾದರೆ ಅಳಬಾರದೇ? ನಮ್ಮಲ್ಲಿ ಸಾವಿನ ಮನೆಗೆ ಬಂದ ಕೆಲವು ಹಿರಿಯರು, ಅಳುತ್ತಿರುವ ಹೆಂಗಸರಿಗೆ ‘ಇನ್ನಾ ಲಿಲ್ಲಾಹಿ ಹೇಳಿ, ಅಳಬೇಡಿ’ ಎಂದು ಗದರುವುದುಂಟು. ಹದೀಸ್‌ನಲ್ಲಿರುವ ಇನ್ನೊಂದು ಪ್ರಸಂಗದ ಮುಂದೆ ಈ ಗದರಿಕೆ ನಿಲ್ಲುವುದಿಲ್ಲ. ಪ್ರವಾದಿಯವರ ಮಗಳೊಬ್ಬರ ಮಗು ಸಾಯುವ ಸ್ಥಿತಿಯಲ್ಲಿತ್ತು. ಬರಬೇಕೆಂದು ಮಗಳು ಹೇಳಿಕಳುಹಿಸಿದರು. ಅವರು ಸಲಾಂ ಜೊತೆಗೆ ಈ ಮಾತನ್ನು ಕಳುಹಿಸಿದರು: ‘ಅಲ್ಲಾಹನು ತೆಗೆದುಕೊಂಡದ್ದು ಅವನದೇ, ಕೊಟ್ಟದ್ದೂ ಅವನದೇ, ಪ್ರತಿಯೊಂದಕ್ಕೂ ಅವನ ಬಳಿ ಗೊತ್ತುಪಡಿಸಿದ ಅವಧಿಯಿದೆ, ಸಹನೆ ತಾಳಲಿ, ಪ್ರತಿಫಲವನ್ನು ಬಯಸಲಿ.’ ಮಗಳು ಬಿಡಲಿಲ್ಲ, ಬರಲೇಬೇಕೆಂದು ಆಣೆಯಿಟ್ಟು ಮತ್ತೆ ಹೇಳಿಕಳುಹಿಸಿದರು. ಪ್ರವಾದಿಯವರು ಎದ್ದು ಹೊರಟರು. ಮಗುವನ್ನು ಕೈಗೆ ಕೊಟ್ಟಾಗ ಅದು ಏದುಸಿರು ಬಿಡುತ್ತಿತ್ತು. ಅವರ ಕಣ್ಣಲ್ಲಿ ನೀರು ಹರಿಯಿತು. ಜೊತೆಗಿದ್ದ ಸಅದ್ ಇಬ್ನ್ ಉಬಾದಾ, ‘ಇದೇನು?’ ಎಂದು ಕೇಳಿದರು. ‘ಇದು ಅಲ್ಲಾಹನು ತನ್ನ ದಾಸರ ಹೃದಯಗಳಲ್ಲಿ ಇಟ್ಟಿರುವ ಕರುಣೆ’ ಎಂದು ಉತ್ತರ ಬಂತು. ಸಹನೆಯ ಮಾತು ಕಳುಹಿಸಿದವರೇ ಅತ್ತರು, ಎರಡೂ ಒಂದೇ ದಿನದ ಸಂಗತಿ. ನಿಷಿದ್ಧವಾಗಿರುವುದು ನಿಯಾಹ, ಅಂದರೆ ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಗೋಳಿಡುವುದು. ಕಣ್ಣೀರು ಆ ಸಾಲಿಗೆ ಸೇರುವುದಿಲ್ಲ.

ಹೇಳುವ ಹೊತ್ತಿನ ವಿಷಯವೂ ಇದೆ. ಗೋರಿಯ ಬಳಿ ಅಳುತ್ತಿದ್ದ ಒಬ್ಬ ಹೆಂಗಸಿಗೆ ಪ್ರವಾದಿಯವರು ಸಹನೆ ತಾಳು ಎಂದಾಗ, ಯಾರೆಂದು ಗುರುತಿಸದ ಆಕೆ ‘ನನ್ನ ಕಷ್ಟ ನಿನಗೆ ಬಂದಿಲ್ಲ, ಹೋಗು’ ಎಂದಿದ್ದರು. ಯಾರೆಂದು ತಿಳಿದ ಮೇಲೆ ಮನೆಗೆ ಬಂದು ಹೇಳಿಕೊಂಡಾಗ ಸಿಕ್ಕ ಉತ್ತರ: ‘ಸಹನೆ ಇರುವುದು ಮೊದಲ ಪೆಟ್ಟಿನಲ್ಲಿ.’ ಸುದ್ದಿ ಕಿವಿಗೆ ಬಿದ್ದ ಆ ಗಳಿಗೆಯಲ್ಲಿ ಬಾಯಿಗೆ ಏನು ಬರುತ್ತದೆ ಎಂಬುದರ ಮೇಲೆ ಕಲಿಸುವವರು ಇಷ್ಟು ಒತ್ತು ಕೊಡುವುದು ಇದಕ್ಕೇ. ಮದರಸಾದ ಉಸ್ತಾದರು ಚಿಕ್ಕ ಮಕ್ಕಳಿಗೂ ಇದನ್ನು ಬಾಯಿಪಾಠ ಮಾಡಿಸುವುದು ವ್ಯರ್ಥವಲ್ಲ.

ಮುಸ್ಲಿಮರಲ್ಲದ ಸ್ನೇಹಿತರು ಸಾವಿನ ಮನೆಗೆ ಹೋದಾಗ ಏನು ಹೇಳಬೇಕೆಂದು ಕೇಳುವುದುಂಟು. ಅರಬಿ ವಾಕ್ಯವನ್ನು ತಡವರಿಸುತ್ತ ಹೇಳಬೇಕಿಲ್ಲ. ಮಗಳಿಗೆ ಕಳುಹಿಸಿದ ಆ ಸಂದೇಶದ ಕೊನೆಯ ಭಾಗವನ್ನೇ ಕನ್ನಡದಲ್ಲಿ ‘ದೇವರು ನಿಮಗೆ ಸಹನೆ ಕೊಡಲಿ’ ಎಂದರೆ ಸಾಕು. ಅವರು ‘ಆಮೀನ್’ ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಶೋಕದ ಅವಧಿಯಾದ ಇದ್ದತ್‌ನಲ್ಲಿರುತ್ತಾರೆ. ಆ ಅವಧಿಯಲ್ಲಿ ಗಂಡಸರು ಮನೆಯ ಇತರರನ್ನು ಮಾತನಾಡಿಸಿ ಬರುವುದು ರೂಢಿ, ಅದನ್ನು ಅನಾದರ ಎಂದುಕೊಳ್ಳಬಾರದು.