ನೋಟಿಸಿನಲ್ಲಿರುವ ‘ನೋ ಆ್ಯಕ್ಟಿವ್ ಬ್ಯಾಕ್‌ಲಾಗ್’ ಎಂದರೇನು?

ಪ್ಲೇಸ್‌ಮೆಂಟ್ ಸೆಲ್‌ನಿಂದ ಬರುವ ನೋಟಿಸು ಸಾಮಾನ್ಯವಾಗಿ ನಾಲ್ಕೈದು ಸಾಲಿನಲ್ಲೇ ಮುಗಿಯುತ್ತದೆ. ಬೆಳಗಾವಿ ಭಾಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಗ್ರೂಪಿಗೆ ನಾವು ಹಾಕುವುದು ಹೆಚ್ಚುಕಡಿಮೆ ಹೀಗಿರುತ್ತದೆ:

“ಫೈನಲ್ ಇಯರ್ ವಿದ್ಯಾರ್ಥಿಗಳ ಗಮನಕ್ಕೆ. ಮುಂದಿನ ಗುರುವಾರ ಬೆಳಿಗ್ಗೆ 9ಕ್ಕೆ ಕಂಪನಿಯವರು ಕ್ಯಾಂಪಸ್‌ಗೆ ಬರುತ್ತಾರೆ. ಬ್ರ್ಯಾಂಚ್: ಸಿಎಸ್, ಐಎಸ್, ಇಸಿ. ಅರ್ಹತೆ: ಥ್ರೂಔಟ್ 60%, ನೋ ಆ್ಯಕ್ಟಿವ್ ಬ್ಯಾಕ್‌ಲಾಗ್. ಮೊದಲು ಕಾಲೇಜಿನ ಫಾರ್ಮ್ ತುಂಬಿ, ನಂತರ ಕಂಪನಿಯ ಲಿಂಕಿನಲ್ಲಿ ರಿಜಿಸ್ಟರ್ ಮಾಡಿ. ಕೊನೆಯ ದಿನ ಸೋಮವಾರ, ಸಂಜೆ 5 ಗಂಟೆ.”

ದಿನ, ಸಮಯ, ಬ್ರ್ಯಾಂಚ್ ಎಲ್ಲರಿಗೂ ತಿಳಿಯುತ್ತದೆ. ಗೊಂದಲ ಆಗುವುದು ಅರ್ಹತೆಯ ಸಾಲಿನಲ್ಲಿ, ಅದರಲ್ಲೂ ಬ್ಯಾಕ್‌ಲಾಗ್ ವಿಷಯದಲ್ಲಿ.

ನೀವು ಓದಬೇಕಾಗಿದ್ದ ವಿಷಯಗಳಲ್ಲಿ ಇನ್ನೂ ಪಾಸಾಗದೆ ಉಳಿದಿರುವುದು ಬ್ಯಾಕ್‌ಲಾಗ್. ರಿಜಿಸ್ಟರ್ ಮಾಡುವ ದಿನಕ್ಕೂ ಅದು ಹಾಗೇ ಉಳಿದಿದ್ದರೆ ಆ್ಯಕ್ಟಿವ್ ಬ್ಯಾಕ್‌ಲಾಗ್. ಹಿಂದೆ ಉಳಿದಿತ್ತು, ಆಮೇಲೆ ಪಾಸಾಯಿತು ಎಂದಾದರೆ ಅದು ಬ್ಯಾಕ್‌ಲಾಗ್ ಹಿಸ್ಟರಿ. ಹೆಚ್ಚಿನ ಕಂಪನಿಗಳು ಕೇಳುವುದು ಆ್ಯಕ್ಟಿವ್ ಸಂಖ್ಯೆಯನ್ನು. ಕೆಲವರು ಹಿಸ್ಟರಿಯನ್ನೂ ಕೇಳುತ್ತಾರೆ. ಹಾಗಾಗಿ ಫಾರ್ಮಿನಲ್ಲಿ ಎರಡು ಬೇರೆ ಬೇರೆ ಕಾಲಂ ಇದ್ದರೆ ಒಂದರ ಉತ್ತರವನ್ನು ಇನ್ನೊಂದರಲ್ಲಿ ಬರೆಯಬೇಡಿ.

ಕೇಳಿದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಫಾರ್ಮ್ ತುಂಬಲು ಕೂತಾಗ ಪ್ರಶ್ನೆಗಳು ಶುರುವಾಗುತ್ತವೆ. “ನಾ ಫೇಲ್ ಆಗಿಲ್ರಿ ಸರ್, ಆ ಪೇಪರ್ ಬರದೇ ಇಲ್ಲ” ಎಂದು ಹೇಳುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ವಿಟಿಯು ರಿಸಲ್ಟ್ ಪುಟದಲ್ಲಿ ಪ್ರತಿ ವಿಷಯದ ಮುಂದೆ ಒಂದು ಅಕ್ಷರ ಇರುತ್ತದೆ. `P` ಎಂದರೆ ಪಾಸ್. `F` ಫೇಲ್. `A` ಎಂದರೆ ಪರೀಕ್ಷೆಗೆ ಹಾಜರಾಗಿಲ್ಲ. `W` ಎಂದರೆ ಫಲಿತಾಂಶ ತಡೆಹಿಡಿದಿದ್ದಾರೆ. `NE` ಎಂದರೆ ಪರೀಕ್ಷೆ ಬರೆಯಲು ಅರ್ಹತೆಯೇ ಸಿಕ್ಕಿಲ್ಲ. ಕಂಪನಿಯವರು ನೋಡುವುದು ಒಂದೇ: ಆ ವಿಷಯದ ಮುಂದೆ `P` ಇದೆಯೋ ಇಲ್ಲವೋ. ಬೇರೆ ಯಾವ ಅಕ್ಷರ ಇದ್ದರೂ ಅದನ್ನು ಬಾಕಿ ಎಂದೇ ಲೆಕ್ಕ ಹಾಕಿಕೊಳ್ಳಿ.

ಒಂದು ಉದಾಹರಣೆ ಹಿಡಿದು ನೋಡೋಣ. ಗೋಕಾಕದ ಕಡೆಯ ಒಬ್ಬ ಹುಡುಗ ಅಂದುಕೊಳ್ಳಿ. ಐದನೇ ಸೆಮ್‌ನ ಒಂದು ವಿಷಯದಲ್ಲಿ ಅವನಿಗೆ ಇಂಟರ್ನಲ್ಸ್ 50ಕ್ಕೆ 42, ಎಕ್ಸ್‌ಟರ್ನಲ್ 50ಕ್ಕೆ 16. ಒಟ್ಟು 58. ನೂರಕ್ಕೆ 58 ಬಂದಿದೆ, ಪಾಸಾಗಿದ್ದೇನೆ ಎಂದು ಅವನ ಲೆಕ್ಕ. ಆದರೆ ಈಗಿನ ಸ್ಕೀಮ್‌ನಲ್ಲಿ ಎಕ್ಸ್‌ಟರ್ನಲ್‌ನಲ್ಲೇ 50ಕ್ಕೆ ಕನಿಷ್ಠ 18 ಬರಬೇಕು. ಒಟ್ಟು ಎಷ್ಟೇ ಇರಲಿ, 16 ಬಂದರೆ `F`. ಅಲ್ಲಿಗೆ ಆ್ಯಕ್ಟಿವ್ ಬ್ಯಾಕ್‌ಲಾಗ್ ಒಂದು.

ಅವನು ರೀವ್ಯಾಲ್ಯುಯೇಶನ್‌ಗೆ ಹಾಕಿದ. ಎರಡೇ ಅಂಕ ಕಮ್ಮಿ ಇರುವುದು, ಖಂಡಿತ ಬರುತ್ತದೆ ಎಂಬ ನಂಬಿಕೆ. ಅರ್ಜಿ ಹಾಕಿದ ರಸೀದಿ ಕೈಯಲ್ಲಿದೆ. ಆದರೆ ಆ ರಸೀದಿಯಿಂದ `F` ಬದಲಾಗುವುದಿಲ್ಲ. ಹೊಸ ರಿಸಲ್ಟ್ ಬಂದು `P` ಕಾಣುವವರೆಗೂ ಆ್ಯಕ್ಟಿವ್ ಒಂದೇ. ಅಂಕ ಹೆಚ್ಚಾಗಲಿಲ್ಲ, ಅವನು ಆರನೇ ಸೆಮ್ ಪರೀಕ್ಷೆಯ ಜೊತೆ ಆ ಪೇಪರನ್ನು ಮತ್ತೆ ಬರೆದ ಅಂದುಕೊಳ್ಳಿ. ಈ ಸಲ ಚೆನ್ನಾಗಿ ಬರೆದಿದ್ದಾನೆ, ಆದರೆ ರಿಸಲ್ಟ್ ಇನ್ನೂ ಬಂದಿಲ್ಲ. ಇಷ್ಟರಲ್ಲಿ ಕಂಪನಿಯ ನೋಟಿಸು ಬಂತು. ಸೋಮವಾರ ಸಂಜೆ 5ಕ್ಕೆ ಅವನ ಆ್ಯಕ್ಟಿವ್ ಸಂಖ್ಯೆ ಎಷ್ಟು? ಒಂದು. ಬುಧವಾರ ರಿಸಲ್ಟ್ ಬಂದು ಎಕ್ಸ್‌ಟರ್ನಲ್‌ನಲ್ಲಿ 24 ಬಂದರೆ? ಆಗ ಆ್ಯಕ್ಟಿವ್ ಸೊನ್ನೆ, ಹಿಸ್ಟರಿ ಒಂದು. ಆದರೆ ಅಷ್ಟೊತ್ತಿಗೆ ಪಟ್ಟಿ ಕಂಪನಿಗೆ ಹೋಗಿರುತ್ತದೆ.

ಇಂಥವರು ಫಾರ್ಮಿನಲ್ಲಿ ಸೊನ್ನೆ ಬರೆದುಬಿಡುವುದೇ ದೊಡ್ಡ ತಪ್ಪು. ಬಾಗಲಕೋಟೆ, ವಿಜಯಪುರದಿಂದ ಪೂಲ್ ಡ್ರೈವ್‌ಗೆಂದು ರಾತ್ರಿ ಬಸ್ಸು ಹತ್ತಿ ಬೆಳಗಾವಿಗೆ ಬರುವ ಮಕ್ಕಳಿರುತ್ತಾರೆ. ಬೆಳಿಗ್ಗೆ ಕಾಗದಪತ್ರ ನೋಡುವ ಮೇಜಿನ ಹತ್ತಿರ ಎಲ್ಲ ಸೆಮ್‌ನ ಮಾರ್ಕ್ಸ್ ಕಾರ್ಡ್ ತೆಗೆಸುತ್ತಾರೆ. ಇನ್ನೂ ಪಾಸಾಗದ ಒಂದು `F` ಕಂಡರೆ ಅಲ್ಲಿಂದಲೇ ವಾಪಸ್. ಅಲ್ಲಿ ದಾಟಿಕೊಂಡರೂ ಮುಗಿಯುವುದಿಲ್ಲ. ಕೆಲಸಕ್ಕೆ ಸೇರುವಾಗ ದಾಖಲೆಗಳನ್ನು ಮತ್ತೆ ಪರಿಶೀಲಿಸುತ್ತಾರೆ. ಸುಳ್ಳು ಮಾಹಿತಿ ಕೊಟ್ಟಿದ್ದು ಆಗ ಗೊತ್ತಾದರೆ ಕೈಗೆ ಬಂದ ಆಫರ್ ಕೂಡ ಹೋಗುತ್ತದೆ.

ಇದ್ದದ್ದನ್ನು ಇದ್ದಹಾಗೆ ಬರೆದವರಿಗೆ ಎಷ್ಟೋ ಸಲ ದಾರಿ ಇರುತ್ತದೆ. ಕೆಲವು ಕಂಪನಿಗಳು ಇಂಟರ್‌ವ್ಯೂ ಹೊತ್ತಿಗೆ ಒಂದು ಬ್ಯಾಕ್‌ಲಾಗ್ ಇದ್ದರೂ ಬಿಡುತ್ತವೆ, ಸೇರುವ ಮುಂಚೆ ಕ್ಲಿಯರ್ ಆಗಿರಬೇಕು ಎನ್ನುತ್ತವೆ. ರಿಸಲ್ಟ್ ಬಾಕಿ ಇರುವವರ ಹೆಸರನ್ನು ಬೇರೆಯಾಗಿ ಕಳಿಸಬಹುದೇ ಎಂದು ನಾವೇ ಎಚ್‌ಆರ್‌ಗೆ ಕೇಳಬಹುದು. ಆದರೆ ಅದನ್ನು ಕೊನೆಯ ದಿನಕ್ಕೆ ಮುಂಚೆಯೇ ಕೇಳಬೇಕು. ಅದಕ್ಕೇ ನೋಟಿಸು ನೋಡಿದ ದಿನವೇ ಸೆಲ್‌ಗೆ ಬಂದು ಹೇಳಿ ಅನ್ನುವುದು.

ಇನ್ನು ‘ಥ್ರೂಔಟ್ 60’. ಇದು ಸರಾಸರಿ ಅಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ 60, ಪಿಯುಸಿಯಲ್ಲಿ 60, ಬಿಇಯಲ್ಲಿ 60, ಮೂರೂ ಕಡೆ ಬೇರೆ ಬೇರೆಯಾಗಿ ಇರಬೇಕು. ಎಸ್‌ಎಸ್‌ಎಲ್‌ಸಿಯ 625ಕ್ಕೆ 375, ಪಿಯುಸಿಯ 600ಕ್ಕೆ 360 ಬೇಕು. ಪಿಯುಸಿಯಲ್ಲಿ 357 ಬಂದರೆ 59.5 ಆಗುತ್ತದೆ. ಅದನ್ನು 60 ಮಾಡಿ ಬರೆಯುವಂತಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಮಾತ್ರ ಕೂಡಿಸಿ ಶೇಕಡಾ ತೆಗೆಯುವವರೂ ಇದ್ದಾರೆ. ನೋಟಿಸಿನಲ್ಲಿ ಹಾಗೆ ಹೇಳದಿದ್ದರೆ ಆರೂ ವಿಷಯದ ಒಟ್ಟು ಅಂಕವೇ ಲೆಕ್ಕ. ಸಿಜಿಪಿಎಯನ್ನು ಶೇಕಡಾ ಮಾಡುವಾಗ ಸೀನಿಯರ್‌ಗಳ ಸೂತ್ರ ನಕಲು ಮಾಡಬೇಡಿ. 2018ರ ಸ್ಕೀಮ್‌ನವರು ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸುತ್ತಿದ್ದರು. ಅವರಿಗೆ 6.7 ಇದ್ದರೆ 59.5 ಬರುತ್ತಿತ್ತು, ಅಂದರೆ ಈ ನೋಟಿಸಿನ ಮಟ್ಟಿಗೆ ಹೊರಗೆ. ನಿಮ್ಮ ಸ್ಕೀಮ್‌ನ ನಿಯಮದಲ್ಲಿ ಯಾವ ಸೂತ್ರ ಇದೆಯೋ ಅದನ್ನೇ ಹಾಕಿ.

ರಿಜಿಸ್ಟ್ರೇಶನ್ ಎರಡು ಹಂತ ಯಾಕೆ ಎಂದು ಕೇಳುತ್ತಾರೆ. ಕಾಲೇಜಿನ ಫಾರ್ಮ್‌ನಿಂದ ನಾವು ಪಟ್ಟಿ ಮಾಡಿ ಕಳಿಸುತ್ತೇವೆ. ಆನ್‌ಲೈನ್ ಟೆಸ್ಟಿನ ಲಿಂಕ್ ಬರುವುದು ಕಂಪನಿಯ ಲಿಂಕಿನಲ್ಲಿ ಕೊಟ್ಟ ಮೇಲ್‌ಗೆ. ಎರಡೂ ಪಟ್ಟಿಯಲ್ಲಿ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಾರೆ, ಹಾಗಾಗಿ ಎರಡೂ ಕಡೆ ಒಂದೇ ಮೇಲ್, ಒಂದೇ ಯುಎಸ್‌ಎನ್ ಇರಲಿ. ನಮ್ಮ ಭಾಗದ ಯುಎಸ್‌ಎನ್ 2ರಿಂದ ಶುರುವಾಗುತ್ತದೆ, ಮಾದರಿಗೆ `2XX22CS045`. ಇಲ್ಲಿ `CS` ಆದ ಮೇಲೆ ಇರುವುದು ಸೊನ್ನೆ. ಅಲ್ಲಿ ಇಂಗ್ಲಿಷಿನ `O` ಅಕ್ಷರ ಟೈಪ್ ಮಾಡಿದರೆ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಎಕ್ಸೆಲ್‌ನಲ್ಲಿ ಮಾತ್ರ ಹೊಂದುವುದಿಲ್ಲ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಇನ್ನೊಂದು ವಿಷಯ ಗಮನಿಸಿ. ನಿಮ್ಮ ಯುಎಸ್‌ಎನ್‌ನಲ್ಲಿ ವರ್ಷ ಒಂದು ಜಾಸ್ತಿ ಇರುತ್ತದೆ, ಕೊನೆಯ ಸಂಖ್ಯೆ 400ರ ಸಾಲಿನದು, `2XX23CS402` ಇದ್ದಹಾಗೆ. ಕಂಪನಿಯವರು 22ರ ಬ್ಯಾಚ್ ಎಂದು ಫಿಲ್ಟರ್ ಹಾಕಿದರೆ ನಿಮ್ಮ ಹೆಸರು ಬಿಟ್ಟುಹೋಗಬಹುದು. ಫಾರ್ಮಿನಲ್ಲಿ ಪಿಯುಸಿ ಜಾಗಕ್ಕೆ ಡಿಪ್ಲೊಮಾ ಶೇಕಡಾ ಹಾಕಿ, ಲ್ಯಾಟರಲ್ ಎಂಟ್ರಿ ಎಂಬ ಕಾಲಂನಲ್ಲಿ ಟಿಕ್ ಮಾಡಿ. ಬುಧವಾರ ಮಧ್ಯಾಹ್ನದೊಳಗೆ ಟೆಸ್ಟಿನ ಮೇಲ್ ಬರದಿದ್ದರೆ ಸಬ್‌ಮಿಟ್ ಆದ ಪುಟದ ಸ್ಕ್ರೀನ್‌ಶಾಟ್ ತಗೊಂಡು ಸೆಲ್‌ಗೆ ಬನ್ನಿ. ಅದಿದ್ದರೆ ಎಚ್‌ಆರ್‌ಗೆ ಫೋನ್ ಮಾಡಿ ಹೆಸರು ಸೇರಿಸಲು ಕೇಳಬಹುದು.